60 ಸಿಸೇರಿಯನ್ ಕಡತಗಳು, ಒಂದು ಆಡಿಟ್ ಕೋಷ್ಟಕ: ನನ್ನ 69 ಶೇಕಡಾ ಸರಿಯೇ?

ತುಂಗಾತೀರ

ನಮಸ್ಕಾರ. ನಾನು ಸರ್ಕಾರಿ ಆಸ್ಪತ್ರೆಯೊಂದರ ಪ್ರಸೂತಿ ವಿಭಾಗದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿನಿ. ಸಿಸೇರಿಯನ್‌ಗೆ ಮುನ್ನ ಸೋಂಕು ತಡೆಯಲು ಕೊಡುವ ಆಂಟಿಬಯೋಟಿಕ್ ಸರಿಯಾದ ಹೊತ್ತಿಗೆ ಸಿಗುತ್ತಿದೆಯೇ ಎಂದು ನೋಡಲು ಕ್ಲಿನಿಕಲ್ ಆಡಿಟ್ ಮಾಡುತ್ತಿದ್ದೇನೆ. ಎರಡು ತಿಂಗಳ ಕೇಸ್ ಶೀಟ್‌ಗಳನ್ನು ರೆಕಾರ್ಡ್ ರೂಮಿನಿಂದ ತರಿಸಿ, ಒಂದೊಂದನ್ನೂ ಓದಿ, ಎಕ್ಸೆಲ್‌ನಲ್ಲಿ 38 ಕಾಲಂಗಳಷ್ಟು ವಿವರ ತುಂಬಿದ್ದೇನೆ. ವಯಸ್ಸು, ತೂಕ, ಎಷ್ಟನೇ ಹೆರಿಗೆ, ಹಿಮೋಗ್ಲೋಬಿನ್, ಶಸ್ತ್ರಚಿಕಿತ್ಸೆಗೆ ಕಾರಣ, ಔಷಧದ ಹೆಸರು, ಕೊಟ್ಟ ಸಮಯ, ಚರ್ಮ ಕೊಯ್ದ ಸಮಯ, ಮಗು ಹುಟ್ಟಿದ ಸಮಯ, ಎಷ್ಟು ದಿನ ಔಷಧ ಮುಂದುವರಿಯಿತು, ಹೀಗೆ.

ಈಗ ಇದನ್ನೆಲ್ಲ ಒಂದು ಪುಟದ ಕೋಷ್ಟಕಕ್ಕೆ ಇಳಿಸಬೇಕು. ನಾನು ಇಟ್ಟುಕೊಂಡ ಮಾನದಂಡ ಇದು: ಚರ್ಮ ಕೊಯ್ಯುವುದಕ್ಕೆ ಹಿಂದಿನ 60 ನಿಮಿಷದೊಳಗೆ ಆಂಟಿಬಯೋಟಿಕ್ ಕೊಟ್ಟಿರಬೇಕು, ಶಸ್ತ್ರಚಿಕಿತ್ಸೆಯ ನಂತರ 24 ಗಂಟೆಗಳೊಳಗೆ ನಿಲ್ಲಿಸಿರಬೇಕು. ಮೊದಲನೆಯದಕ್ಕೆ ಎರಡೂ ಸಮಯ ಬರೆದಿರುವ ಕಡತಗಳು 45. ಅವುಗಳಲ್ಲಿ 31 ಸರಿ. ಅಂದರೆ 69 ಶೇಕಡಾ. ವಿಭಾಗದ ಸಭೆಯಲ್ಲಿ ಇದನ್ನೇ ತೋರಿಸಲು ಹೊರಟಿದ್ದೆ. ಆದರೆ ಉಳಿದ 15 ಕಡತಗಳು ಮನಸ್ಸಿಗೆ ಚುಚ್ಚುತ್ತಿವೆ. ಅವನ್ನು ಏನು ಮಾಡಲಿ?

ಹಾಳೆಯ ಚಿತ್ರವನ್ನು ಕೆಳಗೆ ಹಾಕಿದ್ದೇನೆ.

ಹಳೆಯ ಕಡತ

ತುಂಗಾತೀರ ಅವರೇ, ಮೊದಲು ಆ ಚಿತ್ರವನ್ನು ತೆಗೆಯಿರಿ. ಒಳರೋಗಿ ಸಂಖ್ಯೆಯೂ ದಾಖಲಾದ ದಿನಾಂಕವೂ ಕಾಣುತ್ತಿವೆ. ಹೆಸರು ಅಳಿಸಿದರೂ ನಿಮ್ಮ ಆಸ್ಪತ್ರೆಯವರಿಗೆ ಯಾರೆಂದು ಹೊಳೆಯಲು ಅಷ್ಟು ಸಾಕು. ಹಾಳೆಯಲ್ಲಿ 1ರಿಂದ ಕ್ರಮಸಂಖ್ಯೆ ಮಾತ್ರ ಇರಲಿ. ಯಾವ ಕ್ರಮಸಂಖ್ಯೆ ಯಾವ ಕಡತ ಎಂಬ ಪಟ್ಟಿ ಬೇರೆ ಪುಸ್ತಕದಲ್ಲಿ, ಬೀಗ ಹಾಕಿದ ಕಪಾಟಿನಲ್ಲಿ ಇರಲಿ.

ಇನ್ನು ನಿಮ್ಮ ಪ್ರಶ್ನೆ. ಸಮುದಾಯ ವೈದ್ಯಕೀಯ ವಿಭಾಗದಲ್ಲಿ ಬಹುಕಾಲ ಪಾಠ ಮಾಡಿದವನು ನಾನು. ವಿದ್ಯಾರ್ಥಿಗಳು ತರುವ ಆಡಿಟ್‌ಗಳಲ್ಲಿ ನಾನು ಅತಿ ಹೆಚ್ಚು ಕಂಡ ತಪ್ಪು ನಿಮ್ಮ 69ರಲ್ಲೇ ಇದೆ. ಸಮಯ ಬರೆಯದ ಕಡತವನ್ನು ನೀವು ಛೇದದಿಂದ ಹೊರಗೆ ಹಾಕಿದ್ದೀರಿ. ಸಮಯ ಬರೆಯದಿರುವುದೂ ಒಂದು ನಡೆಯೇ. ಓಟಿಯಲ್ಲಿ ಎಲ್ಲವೂ ಕ್ರಮವಾಗಿ ನಡೆದ ದಿನ ಚಾರ್ಟ್ ಪೂರ್ತಿ ತುಂಬಿರುತ್ತದೆ. ಗಡಿಬಿಡಿಯಾದ ದಿನ ಚಾರ್ಟ್ ಖಾಲಿ ಉಳಿಯುತ್ತದೆ, ಔಷಧ ತಡವಾಗುವುದೂ ಅಂಥ ದಿನವೇ. ಹಾಗಾಗಿ ಖಾಲಿ ಕಡತಗಳನ್ನು ಬಿಟ್ಟರೆ ಒಳ್ಳೆಯ ದಿನಗಳ ಲೆಕ್ಕವಷ್ಟೇ ಕೈಗೆ ಬರುತ್ತದೆ.

ಲೆಕ್ಕಕ್ಕೆ ಬರಬೇಕಾದವರು 60 ಮಂದಿಯಾದರೆ ಛೇದ 60. ಸರಿ ಎಂದು ತೋರಿಸಬಲ್ಲದ್ದು 31, ಅಂದರೆ 52 ಶೇಕಡಾ. ತಿಳಿಯದ 15 ಎಲ್ಲವೂ ಸರಿಯಾಗಿದ್ದವು ಎಂದು ಒಪ್ಪಿಕೊಂಡರೂ 46, ಅಂದರೆ 77 ಶೇಕಡಾ. ನಿಜ ಇವೆರಡರ ನಡುವೆ ಎಲ್ಲೋ ಇದೆ. ಕೋಷ್ಟಕದಲ್ಲಿ ಮೂರು ಕಾಲಂ ಇರಲಿ: ಸರಿ, ಸರಿಯಿಲ್ಲ, ತಿಳಿಯದು. ಮೂರನ್ನೂ ಕೂಡಿದರೆ ಪ್ರತಿ ಸಾಲಿನಲ್ಲೂ 60 ಬರಬೇಕು. ಬರದಿದ್ದರೆ ಎಲ್ಲೋ ಸೋರಿಕೆ ಇದೆ.

ಎರಡು ಪ್ರಶ್ನೆ ನನ್ನವು. ಈ 60 ಎಲ್ಲಿಂದ ಬಂದಿತು? ಓಟಿ ರಿಜಿಸ್ಟರಿನಲ್ಲಿ ಆ ಎರಡು ತಿಂಗಳಲ್ಲಿ ಎಷ್ಟು ಸಿಸೇರಿಯನ್ ಇವೆ?

ಕ್ಲೇಮ್ ಮೇಜು

ನಾನು ಖಾಸಗಿ ಆಸ್ಪತ್ರೆಯಲ್ಲಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಕ್ಲೇಮ್‌ಗಳನ್ನು ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ಆಡಿಟ್ ಎಂದರೆ ಕಡತದಲ್ಲಿ ಕಾಗದ ಪೂರ್ತಿ ಇರಬೇಕು ಅಷ್ಟೇ. ಸಮಯ ಬಿಟ್ಟುಹೋಗಿದ್ದರೆ ಸಂಬಂಧಪಟ್ಟ ಡಾಕ್ಟರ ಹತ್ತಿರ ಹೋಗಿ ಬರೆಸಿಕೊಂಡು ಬಂದರೆ ಆಯಿತಲ್ಲ? 15 ಕಡತ ಒಂದು ಮಧ್ಯಾಹ್ನದ ಕೆಲಸ.

ಹಳೆಯ ಕಡತ

ಬೇಡ. ದಯವಿಟ್ಟು ಹಾಗೆ ಮಾಡಬೇಡಿ. ನಿಮ್ಮ ಕೆಲಸದಲ್ಲಿ ಕಾಗದ ಪೂರ್ತಿಯಾಗಿದೆಯೇ ಎಂಬುದು ಪ್ರಶ್ನೆ. ಇಲ್ಲಿ ಅಂದು ಏನು ನಡೆಯಿತು ಎಂಬುದು ಪ್ರಶ್ನೆ. ಎರಡು ತಿಂಗಳ ನಂತರ ಬರೆಸಿದ ಸಮಯ ಯಾರ ನೆನಪಿನಿಂದಲೂ ಬರುವುದಿಲ್ಲ. ಅದು ಯಾವಾಗಲೂ ನಿಯಮಕ್ಕೆ ಹೊಂದುವ ಸಮಯವೇ ಆಗಿರುತ್ತದೆ. ಜತೆಗೆ, ರೋಗಿಯ ದಾಖಲೆಯನ್ನು ಹಿಂದಿನ ದಿನಾಂಕದಲ್ಲಿ ತಿದ್ದುವುದು ಕಾನೂನಿನ ತೊಂದರೆ.

ತುಂಗಾತೀರ

ಚಿತ್ರ ತೆಗೆದೆ ಸರ್, ಕ್ಷಮಿಸಿ.

ರಿಜಿಸ್ಟರಿನಲ್ಲಿ 72 ಇವೆ. ನನಗೆ ಸಿಕ್ಕಿದ ಕಡತ 64. ಅದರಲ್ಲಿ ಒಂದು ಗರ್ಭಕೋಶ ಒಡೆದು ಹೊಟ್ಟೆ ತೆರೆದ ಪ್ರಕರಣ, ಸಿಸೇರಿಯನ್ ಅಲ್ಲ. ಮೂವರಿಗೆ ಗರ್ಭಚೀಲದ ಸೋಂಕಿಗಾಗಿ ಮೊದಲೇ ಚಿಕಿತ್ಸೆಯ ಆಂಟಿಬಯೋಟಿಕ್ ನಡೆಯುತ್ತಿತ್ತು, ಹಾಗಾಗಿ ಬಿಟ್ಟೆ. ಉಳಿದದ್ದು 60.

ಸಿಗದ 8 ಕಡತಗಳ ಬಗ್ಗೆ ಇಂದು ರೆಕಾರ್ಡ್ ರೂಮಿನಲ್ಲಿ ವಿಚಾರಿಸಿದೆ. ಮೂರು ಕಡತಗಳು ಅಧೀಕ್ಷಕರ ಕೊಠಡಿಯಲ್ಲಿವೆಯಂತೆ. ಆ ಮೂವರೂ ಗಾಯದಲ್ಲಿ ಕೀವಾಗಿ ಮತ್ತೆ ದಾಖಲಾದವರು. ಉಳಿದ ಐದು ಎಲ್ಲಿವೆಯೋ ಯಾರಿಗೂ ಗೊತ್ತಿಲ್ಲ.

ಹಳೆಯ ಕಡತ

ನೋಡಿ, ಕಡತ ಸುಮ್ಮನೆ ಕಳೆಯುವುದಿಲ್ಲ. ತೊಂದರೆಯಾದ ರೋಗಿಯ ಕಡತ ಯಾರದೋ ಮೇಜಿನ ಮೇಲಿರುತ್ತದೆ. ಸುಲಭವಾಗಿ ಸಿಕ್ಕಿದ 64ನ್ನು ಮಾತ್ರ ಎಣಿಸಿದರೆ ಸೋಂಕಾದ ಮೂವರೇ ನಿಮ್ಮ ಲೆಕ್ಕದಿಂದ ಹೊರಗೆ. ಅಧೀಕ್ಷಕರನ್ನು ಕೇಳಿ, ಅವರ ಕೊಠಡಿಯಲ್ಲೇ ಕುಳಿತು ಆ ಮೂರನ್ನು ನಕಲಿಸಿಕೊಳ್ಳಿ. ಸಿಗುವವರೆಗೆ ಕೋಷ್ಟಕದ ತಲೆಯಲ್ಲೇ ಬರೆಯಿರಿ: ರಿಜಿಸ್ಟರಿನಲ್ಲಿ 72, ಕಡತ ಸಿಗದ್ದು 8, ಸಿಸೇರಿಯನ್ ಅಲ್ಲದ್ದು 1, ಚಿಕಿತ್ಸೆ ನಡೆಯುತ್ತಿದ್ದವರು 3, ಲೆಕ್ಕಕ್ಕೆ ಬಂದವರು 60. ಓದುವವರು 72ರಿಂದ 60ಕ್ಕೆ ನಿಮ್ಮ ಕೈ ಹಿಡಿದು ಇಳಿಯುವಂತಿರಬೇಕು.

ಲೀಡ್ಸ್‌ನಿಂದ

ಇಂಗ್ಲೆಂಡಿನಲ್ಲಿ ಅರಿವಳಿಕೆ ವೈದ್ಯ, ಮೂಲ ದಾವಣಗೆರೆ. ಇಲ್ಲಿ ಕಿರಿಯ ವೈದ್ಯರೆಲ್ಲ ಆಡಿಟ್ ಮಾಡಲೇಬೇಕು, ಹಾಗಾಗಿ ಇಂಥ ಹಾಳೆಗಳನ್ನು ಬಹಳ ನೋಡಿದ್ದೇನೆ. ಒಂದು ಮಾತು: 60 ನಿಮಿಷ ಎಂಬುದು ಇಡೀ ಜಗತ್ತಿನ ನಿಯಮ, ಅದರಲ್ಲಿ ಚರ್ಚೆ ಇಲ್ಲ. ಆ ಮಾನದಂಡ ಭದ್ರವಾಗಿದೆ.

ಹಳೆಯ ಕಡತ

ಡಾಕ್ಟರೇ, ಅದು ಪೂರ್ತಿ ಸರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2016ರ ಶಸ್ತ್ರಚಿಕಿತ್ಸಾ ಸೋಂಕಿನ ಮಾರ್ಗಸೂಚಿ ಹೇಳುವುದು ಕೊಯ್ಯುವ ಮೊದಲಿನ 120 ನಿಮಿಷದೊಳಗೆ ಎಂದು, ಔಷಧದ ಅರ್ಧಾಯುಷ್ಯವನ್ನು ಗಮನದಲ್ಲಿಟ್ಟುಕೊಂಡು. ಅಮೆರಿಕದ ಪ್ರಸೂತಿ ತಜ್ಞರ ಸಂಘ ಹೇಳುವುದು 60 ನಿಮಿಷ. ನಿಮ್ಮ ನೈಸ್ ಸಂಸ್ಥೆ ಸಿಸೇರಿಯನ್‌ಗೆ ಒತ್ತಿ ಹೇಳುವುದು ಚರ್ಮ ಕೊಯ್ಯುವ ಮೊದಲೇ ಕೊಡಿ ಎಂಬುದನ್ನು. ಮೂರರಲ್ಲೂ ಒಮ್ಮತವಿರುವುದು ಕೊಯ್ಯುವ ಮೊದಲು ಎಂಬುದಕ್ಕೆ. ಹೊಕ್ಕುಳ ಬಳ್ಳಿ ಕಟ್ಟಿದ ಮೇಲೆ ಕೊಡುವ ಹಳೆಯ ಪದ್ಧತಿಯನ್ನು ಎಲ್ಲರೂ ಬಿಟ್ಟಿದ್ದಾರೆ.

ಯಾವುದನ್ನಾದರೂ ಆರಿಸಬಹುದು, ಆದರೆ ಮೊದಲ ಕಡತ ತೆರೆಯುವ ಮುಂಚೆ ಆರಿಸಬೇಕು. ಈಗ 120ಕ್ಕೆ ಬದಲಿಸಿದರೆ ತೀರಾ ಮುಂಚೆ ಕೊಟ್ಟವು ಎಂದಾಗಿರುವ ಕೆಲವು ಕಡತಗಳು ತಾವಾಗಿ ಸರಿ ಆಗಿಬಿಡುತ್ತವೆ. ಫಲಿತಾಂಶ ನೋಡಿದ ಮೇಲೆ ಗೆರೆ ಸರಿಸಿದರೆ ಅದು ಮಾನದಂಡವಾಗಿ ಉಳಿಯುವುದಿಲ್ಲ. ತುಂಗಾತೀರ ಅವರು 60 ಎಂದು ಮೊದಲೇ ಬರೆದಿಟ್ಟಿದ್ದರೆ 60ರಲ್ಲೇ ನಿಲ್ಲಲಿ. ಯಾವ ಸಂಸ್ಥೆಯ ಯಾವ ವರ್ಷದ ಮಾರ್ಗಸೂಚಿ ಎಂಬುದನ್ನು ಕೋಷ್ಟಕದ ಮೇಲೆ ಬರೆಯಲಿ.

ತುಂಗಾತೀರ

60 ಎಂದು ಆಡಿಟ್ ಪ್ರಸ್ತಾವದಲ್ಲೇ ಬರೆದು ಮಾರ್ಗದರ್ಶಕರ ಸಹಿ ಪಡೆದಿದ್ದೇನೆ ಸರ್. 60ರಲ್ಲೇ ನಿಲ್ಲುತ್ತೇನೆ.

ಸರಿಯಿಲ್ಲದ 14ರ ವಿವರ: ಕೊಯ್ದ ಮೇಲೆ ಕೊಟ್ಟದ್ದು 9, 60 ನಿಮಿಷಕ್ಕೂ ಮುಂಚೆ ಕೊಟ್ಟದ್ದು 5. ಅಂದ ಹಾಗೆ ಸಮಯದ ಲೆಕ್ಕಕ್ಕೇ ನನಗೆ ಎರಡು ದಿನ ಹಿಡಿಯಿತು. ಕೇಸ್ ಶೀಟಿನಲ್ಲಿ ಇದ್ದಂತೆ 10.30, 10.55 ಎಂದು ಚುಕ್ಕೆ ಇಟ್ಟು ತುಂಬಿದ್ದೆ. 25 ನಿಮಿಷ ಬರಬೇಕಾದಲ್ಲಿ 360 ಬಂದಿತು. ಎಕ್ಸೆಲ್ ಅದನ್ನು ಸಮಯವೆಂದು ತಿಳಿಯದೆ ಹತ್ತೂವರೆಗಿಂತ ಸ್ವಲ್ಪ ಕಡಿಮೆ ಎಂಬ ಸಂಖ್ಯೆಯಾಗಿ ಓದಿಕೊಂಡಿತ್ತು. ಎಲ್ಲವನ್ನೂ 10:30 ಎಂದು ಮತ್ತೆ ತುಂಬಿದೆ. ಈಗ ಮಧ್ಯರಾತ್ರಿ ದಾಟಿದ ಪ್ರಕರಣಗಳು ಕಾಡುತ್ತಿವೆ. ರಾತ್ರಿ 23:50ಕ್ಕೆ ಔಷಧ, 00:20ಕ್ಕೆ ಕೊಯ್ತ. ಉತ್ತರ ಋಣಸಂಖ್ಯೆ ಬರುತ್ತದೆ.

ಕೋಷ್ಟಕಪ್ರಿಯ

ಇದು ಸುಲಭ. ನಾನು ಸಾರಿಗೆ ಕಂಪನಿಯಲ್ಲಿ ಚಾಲಕರ ಪಾಳಿ ಲೆಕ್ಕ ಹಾಕುವಾಗ ದಿನವೂ ಬಳಸುವ ಸೂತ್ರ. ಔಷಧದ ಸಮಯ E ಕಾಲಂ, ಕೊಯ್ದ ಸಮಯ F ಕಾಲಂ ಎಂದುಕೊಳ್ಳಿ:

```
=MOD(F2-E2,1)*1440
```

ಮಧ್ಯರಾತ್ರಿ ದಾಟಿದರೂ 30 ನಿಮಿಷ ಎಂದೇ ಬರುತ್ತದೆ. ದಿನಾಂಕದ ಗೊಡವೆಯೇ ಬೇಡ.

ತುಂಗಾತೀರ

ಬಹಳ ಧನ್ಯವಾದ. ಕೆಲಸ ಮಾಡಿತು! ಆದರೆ ವಿಚಿತ್ರ: ಈಗ ಕೊಯ್ದ ಮೇಲೆ ಕೊಟ್ಟದ್ದು ಒಂದೂ ಇಲ್ಲ ಎನ್ನುತ್ತಿದೆ. ತೀರಾ ಮುಂಚೆ ಕೊಟ್ಟದ್ದು 14 ಆಗಿದೆ.

ಹಳೆಯ ಕಡತ

ಪಾಳಿಯ ಲೆಕ್ಕದಲ್ಲಿ ಮುಗಿಯುವ ಸಮಯ ಯಾವತ್ತೂ ಶುರುವಿನ ನಂತರವೇ ಬರುತ್ತದೆ, ಆದ್ದರಿಂದ ಅಲ್ಲಿ ಆ ಸೂತ್ರ ಒಪ್ಪುತ್ತದೆ. ಇಲ್ಲಿ ಹಾಗಲ್ಲ. ಕೊಯ್ದ 10 ನಿಮಿಷದ ಮೇಲೆ ಔಷಧ ಕೊಟ್ಟಿದ್ದರೆ ಉತ್ತರ ಋಣ 10 ಬರಬೇಕು. ಆ ಸೂತ್ರ ಅದನ್ನು 1430 ನಿಮಿಷ ಮಾಡುತ್ತದೆ. ತಡವಾದದ್ದು ಒಂದು ದಿನ ಮುಂಚೆ ಕೊಟ್ಟಂತೆ ಕಾಣುತ್ತದೆ. ಋಣಸಂಖ್ಯೆ ನಿಮ್ಮ ಆಡಿಟ್‌ನ ಜೀವಾಳ, ಅದನ್ನು ಅಳಿಸುವ ಯಾವ ಸೂತ್ರವೂ ಬೇಡ.

ಎರಡೂ ಸಮಯಗಳನ್ನು ದಿನಾಂಕ ಸೇರಿಸಿ E, F ಎಂಬ ಹೊಸ ಕಾಲಂಗಳಲ್ಲಿ ತುಂಬಿ. ರಾತ್ರಿ 12 ದಾಟಿದ ಕೆಲವೇ ಕಡತಗಳಿರುತ್ತವೆ, ಕೈಯಿಂದಲೇ ತಿದ್ದಬಹುದು. ಆಮೇಲೆ ನಿಮಿಷಕ್ಕೆ G, ತೀರ್ಮಾನಕ್ಕೆ H:

```
=ROUND((F2-E2)*1440,0)
=IF(OR(E2="",F2=""),"ತಿಳಿಯದು",IF(G2<0,"ನಂತರ",IF(G2<=60,"ಸರಿ","ಮುಂಚೆ")))
```

`ROUND` ಬಿಡಬೇಡಿ. ಸಮಯವನ್ನು ಒಳಗೆ ಭಿನ್ನರಾಶಿಯಾಗಿ ಇಟ್ಟುಕೊಳ್ಳುವುದರಿಂದ ಸರಿಯಾಗಿ 60 ನಿಮಿಷ ಇರುವ ಕಡತ 60ಕ್ಕಿಂತ ಎಳ್ಳಷ್ಟು ಹೆಚ್ಚೆಂದು ಲೆಕ್ಕವಾಗಿ ಮುಂಚೆ ಎಂಬ ಗುಂಪಿಗೆ ಜಾರಬಹುದು. ಇನ್ನೊಂದು: ಕೇಸ್ ಶೀಟಿನಿಂದ ನಕಲಿಸಿದ ಕಾಲಂಗಳನ್ನು ಮುಟ್ಟಬೇಡಿ. ಲೆಕ್ಕ, ತೀರ್ಮಾನ, ತಿದ್ದುಪಡಿ ಎಲ್ಲವೂ ಅವುಗಳ ಬಲಕ್ಕೆ ಹೊಸ ಕಾಲಂಗಳಲ್ಲಿ ಇರಲಿ. ನಾಳೆ ಯಾರಾದರೂ 37ನೇ ಕಡತ ಏಕೆ ಸರಿಯಿಲ್ಲ ಎಂದು ಕೇಳಿದರೆ ಬೆರಳಿಟ್ಟು ತೋರಿಸಬೇಕು.

ಕೋಷ್ಟಕಪ್ರಿಯ

ಒಪ್ಪಿದೆ ಸರ್. ಕೊಯ್ದ ಮೇಲೂ ಕೊಡುತ್ತಾರೆ ಎಂಬುದೇ ನನಗೆ ಹೊಳೆದಿರಲಿಲ್ಲ.

ರಾತ್ರಿಪಾಳಿ

ನಾನು ಹೆರಿಗೆ ವಾರ್ಡಿನ ಶುಶ್ರೂಷಕಿ, ಹದಿನಾಲ್ಕು ವರ್ಷದ ಅನುಭವ. ತುಂಗಾತೀರ ಮೇಡಂ, ಆ ಮುಂಚೆ ಕೊಟ್ಟ ಐದನ್ನು ಇನ್ನೊಮ್ಮೆ ನೋಡಿ. ನೀವು ಸಮಯವನ್ನು ವಾರ್ಡಿನ ಡ್ರಗ್ ಚಾರ್ಟ್‌ನಿಂದ ತೆಗೆದಿದ್ದೀರಾ, ಅರಿವಳಿಕೆ ಚಾರ್ಟ್‌ನಿಂದ ತೆಗೆದಿದ್ದೀರಾ?

ನಮ್ಮ ಕಡೆ ಓಟಿಗೆ ಕಳಿಸುವ ಮೊದಲು ವಾರ್ಡಿನಲ್ಲಿ ಚರ್ಮದೊಳಗೆ ಟೆಸ್ಟ್ ಡೋಸ್ ಹಾಕುತ್ತೇವೆ. ಅದರ ಸಮಯವನ್ನು ಡ್ರಗ್ ಚಾರ್ಟ್‌ನಲ್ಲಿ ಔಷಧದ ಹೆಸರಿನ ಮುಂದೆಯೇ ಬರೆಯುತ್ತೇವೆ. ಪೂರ್ತಿ ಡೋಸನ್ನು ಓಟಿ ಟೇಬಲ್ ಮೇಲೆ ಅರಿವಳಿಕೆಯವರು ಕೊಡುತ್ತಾರೆ, ಅದು ಅವರ ಚಾರ್ಟ್‌ನಲ್ಲಿ ಇರುತ್ತದೆ. ಬೆಳಗ್ಗೆ 6ಕ್ಕೆ ಟೆಸ್ಟ್ ಡೋಸ್ ಹಾಕಿದ ಗರ್ಭಿಣಿ 9 ಗಂಟೆಗೆ ಟೇಬಲ್ ಏರಿದರೆ ನಿಮ್ಮ ಲೆಕ್ಕದಲ್ಲಿ ಔಷಧ ಮೂರು ಗಂಟೆ ಮುಂಚೆ ಕೊಟ್ಟಂತಾಗುತ್ತದೆ. ತಪ್ಪು ನಮ್ಮ ತಲೆಯ ಮೇಲೆ ಬರುತ್ತದೆ.

ತುಂಗಾತೀರ

ಸಿಸ್ಟರ್, ನಿಮಗೆ ಹೇಗೆ ಧನ್ಯವಾದ ಹೇಳಲಿ! ಐದೂ ಕಡತಗಳನ್ನು ಮತ್ತೆ ತೆಗೆದು ನೋಡಿದೆ. ಮೂರರಲ್ಲಿ ನಾನು ಬರೆದುಕೊಂಡದ್ದು ಟೆಸ್ಟ್ ಡೋಸ್‌ನ ಸಮಯ. ಪಕ್ಕದಲ್ಲಿ ಚಿಕ್ಕದಾಗಿ ಟಿಡಿ ಎಂದಿದೆ, ನಾನು ಅದನ್ನು ಓದಿಯೇ ಇರಲಿಲ್ಲ. ಅರಿವಳಿಕೆ ಚಾರ್ಟ್‌ನಲ್ಲಿ ಪೂರ್ತಿ ಡೋಸ್‌ನ ಸಮಯ ಸರಿಯಾಗಿದೆ: 20, 35, 15 ನಿಮಿಷ ಮೊದಲು. ಇನ್ನೆರಡು ನಿಜವಾಗಿಯೂ ಮುಂಚೆ. ಇಬ್ಬರಿಗೂ ವಾರ್ಡಿನಲ್ಲೇ ಪೂರ್ತಿ ಡೋಸ್ ಕೊಟ್ಟಿದ್ದಾರೆ, ಓಟಿಯಲ್ಲಿ ಇನ್ನೊಂದು ಪ್ರಕರಣ ಮುಗಿಯಲು ಕಾದಿದ್ದಾರೆ.

ಹಾಗಾದರೆ ಸರಿ 34, ನಂತರ 9, ಮುಂಚೆ 2, ತಿಳಿಯದು 15.

ಹಳೆಯ ಕಡತ

ಸಿಸ್ಟರ್ ಹೇಳಿದ ಮಾತು ಯಾವ ಮಾರ್ಗಸೂಚಿಯಲ್ಲೂ ಸಿಗುವುದಿಲ್ಲ. ಸರಿ ಎಂದಿರುವ ಕಡತಗಳಲ್ಲೂ ಇದೇ ತಪ್ಪು ಅಡಗಿರಬಹುದು ಎಂಬುದನ್ನು ಮರೆಯಬೇಡಿ: ಟೆಸ್ಟ್ ಡೋಸ್ 40 ನಿಮಿಷ ಮೊದಲು, ಪೂರ್ತಿ ಡೋಸ್ ಕೊಯ್ದ ಮೇಲೆ. ಒಂದು ನಿಯಮ ಬರೆದುಕೊಳ್ಳಿ: ಪೂರ್ತಿ ಡೋಸ್‌ನ ಸಮಯಕ್ಕೆ ಅರಿವಳಿಕೆ ಚಾರ್ಟ್ ಮೊದಲು, ಅಲ್ಲಿ ಇಲ್ಲದಿದ್ದರೆ ಮಾತ್ರ ಡ್ರಗ್ ಚಾರ್ಟ್, ಟಿಡಿ ಇದ್ದರೆ ಎಣಿಸುವುದಿಲ್ಲ. ಎಲ್ಲ 60ಕ್ಕೂ ಇದೇ ನಿಯಮದಂತೆ ಸಮಯವನ್ನು ಮತ್ತೆ ತೆಗೆಯಿರಿ. ಸಹಪಾಠಿಯೊಬ್ಬರಿಗೆ ನಿಮ್ಮ ಹಾಳೆ ತೋರಿಸದೆ ಹತ್ತು ಕಡತ ಕೊಟ್ಟು, ಅವರೂ ಅದೇ ಸಮಯ ತೆಗೆಯುತ್ತಾರೋ ನೋಡಿ. ಅವರು ಬೇರೆ ಸಮಯ ಬರೆದರೆ ನಿಮ್ಮ ನಿಯಮದ ಮಾತು ಇನ್ನೂ ಸ್ಪಷ್ಟವಾಗಿಲ್ಲ ಎಂದರ್ಥ.

ಲೀಡ್ಸ್‌ನಿಂದ

120ರ ವಿಷಯ ತಿದ್ದಿದ್ದಕ್ಕೆ ಧನ್ಯವಾದ ಸರ್. ತಿಳಿಯದ 15ರ ಬಗ್ಗೆ ಒಂದು ಉಪಾಯ. ಕೊಯ್ದ ಸಮಯ ಬರೆಯದಿದ್ದರೂ ಮಗು ಹುಟ್ಟಿದ ಸಮಯ ಎಲ್ಲ ಕಡತದಲ್ಲೂ ಇರುತ್ತದೆ. ಕೊಯ್ತದಿಂದ ಮಗು ಹೊರಬರಲು ಸುಮಾರು 10 ನಿಮಿಷ. ಹುಟ್ಟಿದ ಸಮಯದಿಂದ 10 ನಿಮಿಷ ಕಳೆದು ಕೊಯ್ದ ಸಮಯ ಎಂದು ತುಂಬಿಬಿಡಿ.

ಹಳೆಯ ಕಡತ

ಹತ್ತು ಎಂದು ತುಂಬುವುದು ಬೇಡ. ಮೊದಲ ಸಿಸೇರಿಯನ್ ಆದರೆ ಐದೇ ನಿಮಿಷದಲ್ಲಿ ಮಗು ಬರಬಹುದು. ಹಿಂದೆ ಎರಡು ಸಲ ಕೊಯ್ದು ಒಳಗೆಲ್ಲ ಅಂಟಿಕೊಂಡಿದ್ದರೆ ಇಪ್ಪತ್ತೈದು ಆಗಬಹುದು. ನೀವು ತುಂಬಿದ ಹತ್ತು ಕೋಷ್ಟಕದಲ್ಲಿ ನಿಜವಾದ ಅಳತೆಯಂತೆ ಕುಳಿತುಬಿಡುತ್ತದೆ.

ಆದರೆ ನಿಮ್ಮ ಯೋಚನೆಯ ಬೇರು ಒಳ್ಳೆಯದು. ಊಹಿಸದೆಯೇ ಹುಟ್ಟಿದ ಸಮಯದಿಂದ ಎರಡು ಸಂಗತಿ ಖಚಿತವಾಗಿ ಹೇಳಬಹುದು. ಮಗು ಹುಟ್ಟಿದ್ದು ಕೊಯ್ದ ಮೇಲೆಯೇ. ಆದ್ದರಿಂದ ಔಷಧ ಮಗು ಹುಟ್ಟಿದ ಮೇಲೆ ಕೊಟ್ಟಿದ್ದರೆ, ಕೊಯ್ದ ಸಮಯ ಗೊತ್ತಿಲ್ಲದಿದ್ದರೂ ಅದು ತಡವೇ. ಇನ್ನೊಂದು ಕಡೆ, ಬೆನ್ನಿಗೆ ಕೊಡುವ ಸ್ಪೈನಲ್ ಅರಿವಳಿಕೆಯಲ್ಲಿ ಮಾಡುವಾಗ ಅದನ್ನು ಕೊಟ್ಟ ಮೇಲಲ್ಲದೆ ಕೊಯ್ಯುವುದಿಲ್ಲ. ಔಷಧ ಸ್ಪೈನಲ್‌ಗೆ ಮೊದಲು ಕೊಟ್ಟಿದ್ದು, ಔಷಧದಿಂದ ಮಗು ಹುಟ್ಟುವವರೆಗಿನ ಇಡೀ ಅವಧಿ 60 ನಿಮಿಷದೊಳಗಿದ್ದರೆ, ಕೊಯ್ತ ಆ ನಡುವೆ ಎಲ್ಲೇ ಬಂದಿರಲಿ, ಸರಿಯೇ. ಇವೆರಡರಲ್ಲಿ ಯಾವುದಕ್ಕೂ ಹೊಂದದ್ದು ತಿಳಿಯದು ಎಂದೇ ಉಳಿಯಲಿ.

ಶಸ್ತ್ರಕೋಣೆ

ಚರ್ಚೆ ಓದಿದೆ. ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಪ್ರಸೂತಿ ತಜ್ಞೆ, ವರ್ಷಕ್ಕೆ ಸಾವಿರದ ಹತ್ತಿರ ಹೆರಿಗೆ ನೋಡುತ್ತೇನೆ. ಎರಡು ಆಕ್ಷೇಪಗಳಿವೆ.

ತಡವಾದ ಆ 9ರಲ್ಲಿ ಎಷ್ಟು ತುರ್ತು? ಹೊಕ್ಕುಳ ಬಳ್ಳಿ ಜಾರಿ ಮಗುವಿನ ಹೃದಯ ಬಡಿತ ಇಳಿಯುತ್ತಿರುವಾಗ ಆಂಟಿಬಯೋಟಿಕ್‌ಗಾಗಿ ನಾನು ಒಂದು ನಿಮಿಷವೂ ಕಾಯುವುದಿಲ್ಲ. ಅಂಥವನ್ನು ಛೇದದಿಂದಲೇ ತೆಗೆಯಬೇಕು.

ಎರಡನೆಯದು 24 ಗಂಟೆಯ ಮಾನದಂಡ. ಒಂದು ಮಂಚದಲ್ಲಿ ಇಬ್ಬರು ಬಾಣಂತಿಯರು ಮಲಗುವ ವಾರ್ಡನ್ನು ಆ ಮಾರ್ಗಸೂಚಿ ಬರೆದವರು ನೋಡಿದ್ದಾರೆಯೇ? ನಾವು ಮೂರು ದಿನ ಇಂಜೆಕ್ಷನ್, ಆಮೇಲೆ ಐದು ದಿನ ಮಾತ್ರೆ ಕೊಡುತ್ತೇವೆ. ಕೊಡದೆ ಗಾಯ ಕೀವಾದರೆ ಹೊಣೆ ಯಾರದು?

ತುಂಗಾತೀರ

ಮೇಡಂ, 9ರಲ್ಲಿ 4 ಅತಿ ತುರ್ತು. ಒಂದು ಬಳ್ಳಿ ಜಾರಿದ್ದು, ಮೂರು ಮಗುವಿನ ಹೃದಯ ಬಡಿತ ಇಳಿದದ್ದು. ವಿನಾಯಿತಿಗಳ ಪಟ್ಟಿಯಲ್ಲಿ ನಾನು ಇವನ್ನು ಮೊದಲೇ ಬರೆದಿರಲಿಲ್ಲ.

24 ಗಂಟೆಯ ಮಾನದಂಡದಲ್ಲಿ ನಮ್ಮ ಸ್ಥಿತಿ: ಸರಿ 6, ಸರಿಯಿಲ್ಲ 51, ಡ್ರಗ್ ಚಾರ್ಟ್ ಇಲ್ಲದ್ದು 3.

ಹಳೆಯ ಕಡತ

ಮೇಡಂ, ನಿಮ್ಮ ಮೊದಲ ಆಕ್ಷೇಪದಲ್ಲಿ ನ್ಯಾಯವಿದೆ. ಅಮೆರಿಕದ ಮಾರ್ಗಸೂಚಿಯೇ ಹೇಳುತ್ತದೆ: ಮೊದಲು ಕೊಡಲಾಗದಿದ್ದರೆ ಕೊಯ್ದ ಮೇಲೆ ಆದಷ್ಟು ಬೇಗ ಕೊಡಿ ಎಂದು. ಮುಂದಿನ ಸುತ್ತಿಗೆ ಅದನ್ನು ವಿನಾಯಿತಿಯಾಗಿ ಬರೆಯಬಹುದು, ಯಾವುದು ಅತಿ ತುರ್ತು ಎಂಬುದನ್ನೂ ಬರೆದಿಡಬೇಕು. ಆದರೆ ಈ ಸುತ್ತಿನಲ್ಲಿ, ತಡವಾದವು ಯಾವುವೆಂದು ನೋಡಿದ ಮೇಲೆ ಅವುಗಳಲ್ಲೇ ನಾಲ್ಕನ್ನು ಆರಿಸಿ ತೆಗೆಯುವಂತಿಲ್ಲ. ತೆಗೆಯುವುದಾದರೆ, ಅಷ್ಟೇ ತುರ್ತಾಗಿದ್ದೂ ಸರಿಯಾದ ಹೊತ್ತಿಗೆ ಔಷಧ ಪಡೆದವರನ್ನೂ ತೆಗೆಯಬೇಕಾಗುತ್ತದೆ. 9 ಎಂದೇ ಇರಲಿ, ಟಿಪ್ಪಣಿ ಕಾಲಂನಲ್ಲಿ ಇವುಗಳಲ್ಲಿ 4 ಅತಿ ತುರ್ತು ಎಂದು ಇರಲಿ.

ಎರಡನೆಯದಕ್ಕೆ, ವಿಶ್ವ ಆರೋಗ್ಯ ಸಂಸ್ಥೆಯ 2016ರ ಮಾರ್ಗಸೂಚಿ ಶಸ್ತ್ರಚಿಕಿತ್ಸೆ ಮುಗಿದ ಮೇಲೆ ತಡೆಗಟ್ಟುವ ಆಂಟಿಬಯೋಟಿಕ್ ಮುಂದುವರಿಸಬೇಡಿ ಎನ್ನುತ್ತದೆ. ಮುಂದುವರಿಸಿದರೆ ಗಾಯದ ಸೋಂಕು ಕಡಿಮೆಯಾಗುವುದಿಲ್ಲ ಎಂಬ ಪುರಾವೆಯ ಮೇಲೆ ಆ ಮಾತು ನಿಂತಿದೆ. ಮಂಚದ ಕೊರತೆಯ ನೋವು ನಿಜ. ಆದರೆ ಅದು ವಾರ್ಡಿನ ರೂಢಿ, ಒಬ್ಬ ರೋಗಿಗೆ ಬರೆದ ಕಾರಣವಲ್ಲ. ವಿನಾಯಿತಿ ಸಿಗುವುದು ಕಡತದಲ್ಲಿ ಜ್ವರ, ಕೀವು ಎಂಬಂಥ ಕಾರಣ ಬರೆದಿದ್ದರೆ. ಎರಡನೇ ದಿನ ಜ್ವರ ಬಂದು ಔಷಧ ಶುರುವಾದರೆ ಅದು ಚಿಕಿತ್ಸೆ, ತಡೆ ಅಲ್ಲ. ತುಂಗಾತೀರ ಅವರೇ, ಆ 51ರಲ್ಲಿ ಕಾರಣ ಬರೆದದ್ದು ಎಷ್ಟಿದೆ ಎಂದು ಪ್ರತ್ಯೇಕ ಕಾಲಂ ಮಾಡಿದ್ದೀರಾ?

ಶಸ್ತ್ರಕೋಣೆ

ಪುರಾವೆ ಓದಿದ್ದೇನೆ ಸರ್. ನನ್ನ ವಾರ್ಡಿನಂಥ ಕಡೆಯಿಂದ ಬಂದ ಪುರಾವೆ ಕಡಿಮೆ ಎಂಬುದು ನನ್ನ ಅಭಿಪ್ರಾಯ, ಅದನ್ನು ಬಿಡಲಾರೆ. ಕಾರಣದ ಕಾಲಂ ಮಾತ್ರ ಬೇಕೇ ಬೇಕು, ಅದಕ್ಕೆ ನನ್ನ ಒಪ್ಪಿಗೆ ಇದೆ. ಇಲ್ಲದಿದ್ದರೆ ಸೋಂಕಿಗೆ ಚಿಕಿತ್ಸೆ ಕೊಟ್ಟವರೂ ತಪ್ಪಿತಸ್ಥರ ಸಾಲಿನಲ್ಲಿ ನಿಲ್ಲುತ್ತಾರೆ.

ರಾತ್ರಿಪಾಳಿ

ಬಿಡುಗಡೆ ಚೀಟಿಯಲ್ಲಿ ಬರೆಯುವ ಮಾತ್ರೆಗಳನ್ನೂ ಎಣಿಸುತ್ತೀರಾ? ಇಂಜೆಕ್ಷನ್ ಮೊದಲ ದಿನವೇ ನಿಲ್ಲಿಸಿ ಐದು ದಿನದ ಮಾತ್ರೆ ಬರೆದುಕೊಡುವವರೂ ಇದ್ದಾರೆ. ಡ್ರಗ್ ಚಾರ್ಟ್ ಮಾತ್ರ ನೋಡಿದರೆ ಅದು ಸರಿ ಎಂದು ಬರುತ್ತದೆ.

ತುಂಗಾತೀರ

ಎಣಿಸಿರಲಿಲ್ಲ ಸಿಸ್ಟರ್. ಸರಿ ಎಂದಿರುವ 6ರಲ್ಲಿ 4 ಮಂದಿಯ ಬಿಡುಗಡೆ ಚೀಟಿಯಲ್ಲಿ ಮಾತ್ರೆ ಇದೆ. ಇದನ್ನು ಏನೆಂದು ಎಣಿಸುವುದು?

ಹಳೆಯ ಕಡತ

ನನ್ನ ಪ್ರಕಾರ ಸರಿಯಿಲ್ಲ. ಬಾಯಿಯಿಂದ ಹೋದರೂ ಆಂಟಿಬಯೋಟಿಕ್ ಆಂಟಿಬಯೋಟಿಕ್ಕೇ.

ಶಸ್ತ್ರಕೋಣೆ

ನನ್ನ ಪ್ರಕಾರ ಈ ಸುತ್ತಿನ ಮಾನದಂಡದ ಮಾತಿನಲ್ಲಿ ಮಾತ್ರೆ ಎಂಬುದು ಇಲ್ಲದಿದ್ದರೆ ಈಗ ಸೇರಿಸುವಂತಿಲ್ಲ. ತುರ್ತು ಪ್ರಕರಣಕ್ಕೆ ನನಗೆ ಹೇಳಿದ ನಿಯಮ ನಿಮಗೂ ಅನ್ವಯಿಸಬೇಕು ಸರ್.

ಹಳೆಯ ಕಡತ

ಅದಕ್ಕೆ ಉತ್ತರವಿಲ್ಲ ಮೇಡಂ. ನೀವು ಹೇಳಿದ್ದು ಸರಿ. ತುಂಗಾತೀರ ಅವರೇ, ಪ್ರಸ್ತಾವದಲ್ಲಿ ಏನು ಬರೆದಿದ್ದೀರಿ ಎಂದು ನೋಡಿ. ಬರಿಯ ಆಂಟಿಬಯೋಟಿಕ್ ಎಂದಿದ್ದರೆ ಎರಡೂ ಬಗೆಯ ಎಣಿಕೆಯನ್ನು ಪಕ್ಕಪಕ್ಕ ತೋರಿಸಿ.

ತುಂಗಾತೀರ

ಬರಿಯ ಆಂಟಿಬಯೋಟಿಕ್ ಎಂದಷ್ಟೇ ಇದೆ. ಎರಡನ್ನೂ ತೋರಿಸುತ್ತೇನೆ.

ಹೊಸ ನಿಯಮದಂತೆ 60 ಕಡತಗಳನ್ನೂ ಮತ್ತೆ ಓದಿದೆ. ಸಹಪಾಠಿಗೆ ಕೊಟ್ಟ ಹತ್ತರಲ್ಲಿ ಒಂಬತ್ತು ಹೊಂದಿದವು. ಹತ್ತನೆಯದರಲ್ಲಿ ನಾನು 7 ಎಂದು ಓದಿದ್ದನ್ನು ಅವರು 1 ಎಂದು ಓದಿದ್ದರು. ಬರೆದ ಅರಿವಳಿಕೆ ವೈದ್ಯರನ್ನು ತೋರಿಸಿ ಕೇಳಿದೆವು, ಅದು 7. ಸರಿ ಎಂದಿದ್ದ ಕಡತಗಳಲ್ಲಿ ಟೆಸ್ಟ್ ಡೋಸ್‌ನ ಗೊಂದಲ ಸಿಗಲಿಲ್ಲ.

ತಿಳಿಯದ 15ರಲ್ಲಿ 2 ಕಡತಗಳಲ್ಲಿ ಆಂಟಿಬಯೋಟಿಕ್ ಕೊಟ್ಟ ದಾಖಲೆಯೇ ಇಲ್ಲ. 4ರಲ್ಲಿ ಮಗು ಹುಟ್ಟಿದ ಮೇಲೆ ಕೊಟ್ಟಿದ್ದಾರೆ. 5ರಲ್ಲಿ ಔಷಧ ಸ್ಪೈನಲ್‌ಗೆ ಮೊದಲು, ಔಷಧದಿಂದ ಹುಟ್ಟಿನವರೆಗೆ ಹೆಚ್ಚೆಂದರೆ 48 ನಿಮಿಷ. ಉಳಿದ 4 ಎರಡಕ್ಕೂ ಹೊಂದುವುದಿಲ್ಲ. ಹಾಗಾಗಿ ಸರಿ 39, ಸರಿಯಿಲ್ಲ 15, ತಿಳಿಯದು 6.

ರಾತ್ರಿಪಾಳಿ

ಮೇಡಂ, ಹುಟ್ಟಿದ ಸಮಯವನ್ನು ಯಾವ ಗಡಿಯಾರ ನೋಡಿ ಬರೆಯುತ್ತಾರೆ? ನಮ್ಮಲ್ಲಿ ಅರಿವಳಿಕೆಯವರು ಓಟಿ ಗೋಡೆಯ ಗಡಿಯಾರ ನೋಡುತ್ತಾರೆ. ಮಗುವನ್ನು ಹಿಡಿದುಕೊಳ್ಳುವ ಸಿಸ್ಟರ್ ಮಗುವನ್ನು ಬೆಚ್ಚಗಿಡುವ ವಾರ್ಮರ್ ಪಕ್ಕದ ಗಡಿಯಾರ ನೋಡುತ್ತಾರೆ. ಎರಡೂ ಒಂದೇ ಸಮಯ ತೋರಿಸಿದ್ದನ್ನು ನಾನು ಕಂಡಿಲ್ಲ.

ತುಂಗಾತೀರ

ಈಗಷ್ಟೇ ಓಟಿಗೆ ಹೋಗಿ ನೋಡಿ ಬಂದೆ. ನಮ್ಮಲ್ಲೂ ಎರಡು ಗಡಿಯಾರ. ವಾರ್ಮರ್ ಪಕ್ಕದ್ದು ಗೋಡೆಯದಕ್ಕಿಂತ 6 ನಿಮಿಷ ಹಿಂದಿದೆ.

ಹುಟ್ಟಿದ ಮೇಲೆ ಕೊಟ್ಟದ್ದು ಎಂದ 4ರಲ್ಲಿ ಎರಡರ ಅಂತರ 5 ನಿಮಿಷ ಮಾತ್ರ. ಗಡಿಯಾರ ಹಿಂದಿದ್ದರೆ ಆ ಔಷಧ ಹುಟ್ಟಿಗೆ ಮೊದಲೇ ಹೋಗಿರಬಹುದು. ಅವೆರಡನ್ನು ಮತ್ತೆ ತಿಳಿಯದು ಎಂಬಲ್ಲಿಗೆ ಹಾಕಿದೆ. ಇನ್ನೆರಡರ ಅಂತರ 15 ನಿಮಿಷಕ್ಕೂ ಹೆಚ್ಚು, ಅವು ಇದ್ದಲ್ಲೇ ಇರಲಿ. ಸರಿ ಎಂದ 5ಕ್ಕೆ ತೊಂದರೆ ಇಲ್ಲ, 48ಕ್ಕೆ 6 ಸೇರಿಸಿದರೂ 54.

ಕಡತ ಸಿಗದ 8 ಇನ್ನೂ ಬಾಕಿ. ಸದ್ಯದ ಕೋಷ್ಟಕ ಇದು, ರಿಜಿಸ್ಟರಿನ 72ರಲ್ಲಿ ಲೆಕ್ಕಕ್ಕೆ ಬಂದ 60ಕ್ಕೆ:

| ಮಾನದಂಡ | ಸರಿ | ಸರಿಯಿಲ್ಲ | ತಿಳಿಯದು | 60ರಲ್ಲಿ ಸರಿ | ಟಿಪ್ಪಣಿ |
|---|---|---|---|---|---|
| ಕೊಯ್ಯುವ ಮೊದಲಿನ 60 ನಿಮಿಷದೊಳಗೆ | 39 | 13 | 8 | 65% | ನಂತರ 11 (ಅತಿ ತುರ್ತು ಎಂದು ಗುರುತಿಸಿದ್ದು 4), ಮುಂಚೆ 2. ತಿಳಿಯದ್ದೆಲ್ಲ ಸರಿಯಾಗಿದ್ದರೆ 78% |
| 24 ಗಂಟೆಯೊಳಗೆ ನಿಲುಗಡೆ, ಇಂಜೆಕ್ಷನ್ ಮಾತ್ರ | 6 | 51 | 3 | 10% | 51ರಲ್ಲಿ ಕಾರಣ ಬರೆದದ್ದು 4 |
| 24 ಗಂಟೆಯೊಳಗೆ ನಿಲುಗಡೆ, ಮಾತ್ರೆ ಸೇರಿಸಿ | 2 | 55 | 3 | 3% | ಹೊಸ 4ರಲ್ಲಿ ಕಾರಣ ಬರೆದದ್ದು ಇಲ್ಲ |

ಒಂದು ಸಂದೇಹ ಉಳಿದಿದೆ. ಸರಿ ಎಂದ 39ರಲ್ಲಿ 7 ಕಡತಗಳಲ್ಲಿ ಔಷಧದ ಸಮಯವೂ ಕೊಯ್ದ ಸಮಯವೂ ಒಂದೇ. 10:30, 10:30. ಅಂತರ ಸೊನ್ನೆ. ಸೂತ್ರ ಅವನ್ನು ಸರಿ ಎನ್ನುತ್ತಿದೆ.

ಲೀಡ್ಸ್‌ನಿಂದ

ಅರಿವಳಿಕೆಯವನಾಗಿ ಹೇಳುತ್ತೇನೆ, ಇದು ಚಾರ್ಟನ್ನು ಆಮೇಲೆ ಕುಳಿತು ತುಂಬಿದಾಗ ಬರುವ ಸಮಯ. ಕೈ ಬಿಡುವಾದಾಗ ಎರಡು ಖಾನೆಗೂ ಒಂದೇ ಹೊತ್ತು ಬರೆಯುತ್ತೇವೆ. ನಾನಾದರೆ ತಿಳಿಯದು ಎಂಬಲ್ಲಿಗೆ ಹಾಕುತ್ತೇನೆ.

ಹಳೆಯ ಕಡತ

ನಾನು ಸರಿ ಎಂದೇ ಬಿಟ್ಟು ಟಿಪ್ಪಣಿಯಲ್ಲಿ 7 ಎಂದು ಬರೆಯುತ್ತೇನೆ. ದಾಖಲೆ ಹೇಳಿದ್ದನ್ನು ನಂಬದಿರಲು ಆ ಕಡತದೊಳಗೇ ಒಂದು ಗುರುತು ಬೇಕು. ಆ ಏಳರಲ್ಲಿ ಸ್ಪೈನಲ್‌ನ ಸಮಯ ಎಷ್ಟಿದೆ ನೋಡಿ. ಅದೂ 10:30 ಆಗಿದ್ದರೆ ಡಾಕ್ಟರು ಹೇಳಿದ್ದೇ ಸರಿ. ಒಂದೇ ನಿಮಿಷದಲ್ಲಿ ಸ್ಪೈನಲ್ ಕೊಟ್ಟು ಕೊಯ್ಯಲು ಯಾರಿಂದಲೂ ಆಗದು.

ತುಂಗಾತೀರ

ರೆಕಾರ್ಡ್ ರೂಮ್ ಮುಚ್ಚಿದೆ. ಬೆಳಗ್ಗೆ ಒಂಬತ್ತಕ್ಕೆ ಆ ಏಳು ಕಡತ ತೆಗೆಸುತ್ತೇನೆ. ಅಧೀಕ್ಷಕರ ಕೊಠಡಿಯ ಮೂರಕ್ಕೂ ಅನುಮತಿ ಸಿಕ್ಕಿದೆ, ಅವನ್ನೂ ಅಲ್ಲೇ ಕುಳಿತು ನಕಲಿಸುತ್ತೇನೆ.